ಮಾರ್ಚ್ 31ಕ್ಕೆ ಇನ್ನೆಷ್ಟು ದಿನ? ಎಡವೋದು ಜನವರಿಯಿಂದ ಈಚೆಗೆ

ಬದಿಯಡ್ಕ ಕಡೆಯ ಒಂದು ಸೊಸೈಟಿಯಲ್ಲಿ ಡೆಪಾಸಿಟ್ ಬಡ್ಡಿಯ ಶೀಟ್ ನೋಡ್ತಾ ಇದ್ದೆ. 14 ಫೆಬ್ರವರಿ 2024ರ ಎಂಟ್ರಿ ಎದುರು, ವರ್ಷ ಮುಗೀಲಿಕ್ಕೆ ಬಾಕಿ 411 ದಿನ ಅಂತ ಇತ್ತು. "ವರ್ಷಕ್ಕೆ ಇರೋದೇ 365 ಅಲ್ವಾ ಮಾರಾಯ" ಅಂದೆ. ಶೀಟ್ ಮಾಡಿದ ಹುಡುಗ, "ಫಾರ್ಮುಲಾ ಸರಿ ಉಂಟು ಅಣ್ಣ, ಮೇ ತಿಂಗಳಿಗೆ ಸರಿಯೇ ಬರ್ತದೆ" ಅಂದ.

ಮೇ ತಿಂಗಳಿಗೆ ಬರ್ತದೆ, ಅದೇ ಮೋಸ. ಏಪ್ರಿಲ್‌ನಿಂದ ಡಿಸೆಂಬರ್ ತನಕದ ತಾರೀಕಾದ್ರೆ ಲೆಕ್ಕ ಮುಗಿಯೋದು ಮುಂದಿನ ಇಸವಿಯ ಮಾರ್ಚ್ 31ಕ್ಕೆ, ಜನವರಿ, ಫೆಬ್ರವರಿ, ಮಾರ್ಚ್ ಆದ್ರೆ ಅದೇ ಇಸವಿಯ ಮಾರ್ಚ್ 31ಕ್ಕೆ. ಇವ ಎಲ್ಲದಕ್ಕೂ ಇಸವಿಗೆ ಒಂದು ಕೂಡಿಸಿ ಬಿಟ್ಟಿದ್ದ, ಹಾಗಾಗಿ ಲೆಕ್ಕ 2025ಕ್ಕೆ ಹೋಗಿ ಕೂತಿತ್ತು.

ಮೊದಲು ಕೈಯಲ್ಲೇ ಮಾಡಿ ನೋಡಿ. ಫೆಬ್ರವರಿಯಲ್ಲಿ ಉಳಿದದ್ದು 15, ಮಾರ್ಚ್‌ದು 31, ಒಟ್ಟು 46. ಹದಿನೈದು ಹೇಗೆ ಅಂದ್ರೆ 2024ರ ಫೆಬ್ರವರಿಗೆ 29 ದಿನ. ಇಲ್ಲಿ ಇನ್ನೊಂದು ಗುಂಡಿ ಉಂಟು: 366 ದಿನ ಬಂದದ್ದು 2023-24ಕ್ಕೆ, 2024-25ಕ್ಕೆ ಅಲ್ಲ, ಯಾಕಂದ್ರೆ ಆ 29ನೇ ತಾರೀಕು ಬಿದ್ದದ್ದು ಹಿಂದಿನ ಲೆಕ್ಕದ ವರ್ಷದಲ್ಲಿ. ಆದ್ದರಿಂದ 365ರಿಂದ ಕಳೆಯುವ ಶಾರ್ಟ್‌ಕಟ್ ಬೇಡವೇ ಬೇಡ, ಕೊನೆ ತಾರೀಕಿನಿಂದ ಕಳೀರಿ. ಎಕ್ಸೆಲ್‌ನಲ್ಲಿ ತಾರೀಕು A2ದಲ್ಲಿದ್ರೆ:

```
=DATE(YEAR(A2)+(MONTH(A2)>=4),3,31)-A2
```

ತಿಂಗಳು ನಾಲ್ಕು ಅಥವಾ ಮೇಲಾದ್ರೆ ಮಾತ್ರ ಆ ಬ್ರಾಕೆಟ್ ಇಸವಿಗೆ ಒಂದು ಕೂಡಿಸ್ತದೆ, ಅಷ್ಟೇ ಕೆಲಸ ಅದರದ್ದು. ಎಂಟ್ರಿ ದಿನವನ್ನೂ ಎಣಿಸೋದಾದ್ರೆ ಕೊನೆಗೆ `+1` ಹಾಕಿ, ಆದ್ರೆ ಹಾಕಿದ್ರೆ ಎಲ್ಲಾ ಸಾಲಿಗೂ ಹಾಕಿ, ಅರ್ಧ ಶೀಟಿಗೆ ಹಾಕಿ ಬಿಟ್ಟವರನ್ನೂ ನೋಡಿದ್ದೇನೆ. ಉತ್ತರ 15-02-1900 ಅಂತ ಬಂದ್ರೆ ಹೆದರ್ಬೇಡಿ, ಅದು 46ನ್ನೇ ತಾರೀಕಿನ ವೇಷದಲ್ಲಿ ತೋರಿಸೋದು, ಸೆಲ್ ಫಾರ್ಮ್ಯಾಟನ್ನು `General` ಮಾಡಿ.

ಕ್ವಾರ್ಟರ್ ಸುಲಭ. ಬಿಸು ಬರುವ ಏಪ್ರಿಲ್‌ನಿಂದ ಜೂನ್ ಒಂದನೇದು, ಹಾಗೇ ಮೂರು ಮೂರು ತಿಂಗಳು, ಜನವರಿಯಿಂದ ಮಾರ್ಚ್ ನಾಲ್ಕನೇದು.

```
=INT(MOD(MONTH(A2)-4,12)/3)+1
```

ತಿಂಗಳನ್ನು ಸುಮ್ಮನೆ ಮೂರರಿಂದ ಭಾಗಿಸಿದ್ರೆ ಫೆಬ್ರವರಿ ಒಂದನೇ ಕ್ವಾರ್ಟರಿಗೆ ಹೋಗ್ತದೆ, ಅದು ಗೋಡೆ ಕ್ಯಾಲೆಂಡರಿನ ಕ್ವಾರ್ಟರ್, ನಮ್ಮದಲ್ಲ. ಇದಕ್ಕೆಲ್ಲ ಫೋನಿನ ಆ್ಯಪ್ ಹಾಕ್ಕೊಳ್ಬೇಡಿ, ನಾನು ನೋಡಿದ ಎರಡು ಆ್ಯಪ್ ಜನವರಿಯಿಂದಲೇ ಎಣಿಸ್ತಿದ್ವು, ನಡುವೆ ಜಾಹೀರಾತು ಬೇರೆ.

ಒಮ್ಮೆ ತಾರೀಕೇ ತಪ್ಪಿರ್ತದೆ. 05/04/2025 ಅಂತ ಹೊಡೆದದ್ದನ್ನು ಅಮೆರಿಕ ಸೆಟ್ಟಿಂಗ್ ಇರುವ ಕಂಪ್ಯೂಟರ್ ಮೇ 4 ಅಂತ ಓದ್ತದೆ, 360 ಬರ್ಬೇಕಾದಲ್ಲಿ 331 ಬರ್ತದೆ, ಕ್ವಾರ್ಟರ್ ಮಾತ್ರ ಎರಡಕ್ಕೂ ಒಂದೇ ಆದ್ದರಿಂದ ಯಾರಿಗೂ ಗೊತ್ತಾಗೋದಿಲ್ಲ. ನಾನಂತೂ 05-Apr-2025 ಅಂತಲೇ ಟೈಪ್ ಮಾಡೋದು.