ಆರ್ಡರ್ ನಿಲ್ಲಿಸಿದ ಹೋಟೆಲಿಗೆ ಮತ್ತೆ ಕಾಫಿ ಪುಡಿ: ನನ್ನ ಅನುಭವ

ಮುಂಬೈಯ ಉಡುಪಿ ಹೋಟೆಲುಗಳಿಗೆ ಫಿಲ್ಟರ್ ಕಾಫಿ ಪುಡಿ ಹಾಕುವ ವ್ಯಾಪಾರದಲ್ಲಿ ಗಿರಾಕಿ ಜಗಳ ಮಾಡಿಕೊಂಡು ಹೋಗುವುದು ಅಪರೂಪ. ಆರ್ಡರ್ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಒಂದು ವಾರ ತಪ್ಪುತ್ತದೆ, ಆಮೇಲೆ ಫೋನೇ ಬರುವುದಿಲ್ಲ. ಮೂರು ನಾಲ್ಕು ತಿಂಗಳಾದ ಮೇಲೆ ಅಂಥವರಿಗೆ "10 ಪರ್ಸೆಂಟ್ ಡಿಸ್ಕೌಂಟ್" ಎಂದು ಮೆಸೇಜ್ ಹಾಕಿದರೆ ಪ್ರಯೋಜನವಿಲ್ಲ. ಅವರು ಬಿಟ್ಟಿದ್ದು ರೇಟಿಗಾಗಿ ಅಲ್ಲದಿದ್ದರೆ ಆ ಡಿಸ್ಕೌಂಟ್ ಅವರ ಕಷ್ಟವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಫೋನ್ ಕೈಗೆತ್ತಿಕೊಳ್ಳುವ ಮೊದಲು ನಾನು ಹಳೆಯ ಬಿಲ್ಲುಗಳನ್ನು ತೆಗೆದು ಕೂರುತ್ತೇನೆ.

ಬಿಲ್ಲಿನಲ್ಲಿ ನೋಡಬೇಕಾದದ್ದು ಒಟ್ಟು ಮೊತ್ತವಲ್ಲ, ಇಳಿದ ರೀತಿ. ವಾರವಾರ ತಪ್ಪದೆ ತೆಗೆದುಕೊಳ್ಳುತ್ತಿದ್ದವರು ಒಂದೇ ಏಟಿಗೆ ನಿಲ್ಲಿಸಿದ್ದರೆ ಹೋಟೆಲಿನಲ್ಲೇ ಏನೋ ಬದಲಾಗಿದೆ. ಮುಂಬೈಯಲ್ಲಿ ಹೆಚ್ಚಾಗಿ ಅದು ಕಂಡಕ್ಟಿಂಗ್ ಕೈ ಬದಲಾಗಿರುವುದು: ಬೋರ್ಡು ಅದೇ, ನಡೆಸುವವರು ಬೇರೆ. ಹಳೆಯ ಬಿಲ್ಲಿನ ಜಿಎಸ್‌ಟಿ ನಂಬರನ್ನು ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ರದ್ದಾಗಿದೆಯೋ ಚಾಲ್ತಿಯಲ್ಲಿದೆಯೋ ಗೊತ್ತಾಗುತ್ತದೆ. ರದ್ದಾಗಿದ್ದರೆ, ಅಥವಾ ಕೌಂಟರಿನ ಹಿಂದೆ ತೂಗುಹಾಕಿದ ಫುಡ್ ಲೈಸೆನ್ಸಿನಲ್ಲಿ ಬೇರೆ ಹೆಸರಿದ್ದರೆ, ಅದು ಹೊಸ ಗಿರಾಕಿ ಎಂದೇ ಲೆಕ್ಕ. ಅವರಿಗೆ ನೆನಪಿಸಲು ಏನೂ ಇಲ್ಲ, ಪರಿಚಯದಿಂದಲೇ ಶುರು ಮಾಡಬೇಕು. ಹಳೆಯ ಬಾಕಿಯ ಮಾತನ್ನು ಹಳಬರ ಹತ್ತಿರವೇ ಆಡಬೇಕು.

ನಿಧಾನವಾಗಿ ಇಳಿದವರದು ಬೇರೆ ಕಥೆ. ಡೊಂಬಿವಲಿಯ ಮಧ್ಯಮ ಗಾತ್ರದ ಒಂದು ಹೋಟೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ವಾರಕ್ಕೆ 12 ಕೆಜಿ, 70:30, ಅಂದರೆ 70 ಭಾಗ ಕಾಫಿ, 30 ಭಾಗ ಚಿಕೋರಿ. 4 ಕೆಜಿಯ ಮೂರು ಚೀಲ. ಬುಧವಾರ ಆರ್ಡರ್, ಗುರುವಾರ ಗಾಡಿ. ಜೂನ್ ಮಧ್ಯದವರೆಗೆ 12 ತಪ್ಪಿಲ್ಲ. ಆಮೇಲೆ 8, ಮತ್ತೆ 8, ಜುಲೈಯಲ್ಲಿ 4, ಅಲ್ಲಿಗೆ ಮುಗಿಯಿತು. ನವೆಂಬರ್‌ವರೆಗೆ ಬಿಲ್ಲಿಲ್ಲ.

ಹೀಗೆ ಚೀಲ ಚೀಲವಾಗಿ ಇಳಿದರೆ ಹೋಟೆಲಿನವರು ಇನ್ನೊಬ್ಬರ ಪುಡಿಯನ್ನು ಪಕ್ಕದಲ್ಲಿಟ್ಟು ನೋಡಿದ್ದಾರೆ ಎಂದರ್ಥ. ಯಾಕೆ ಎನ್ನುವುದನ್ನು ತಾರೀಖು ಹೇಳುತ್ತದೆ. ರೇಟಿಗಾಗಿ ಬಿಡುವವರು ರೇಟು ಏರಿಸಿದ ಮುಂದಿನ ಒಂದೆರಡು ವಾರದಲ್ಲೇ ಕಡಿಮೆ ಮಾಡುತ್ತಾರೆ. ಇಲ್ಲಿ ರೇಟು ಏರಿದ್ದು ಏಪ್ರಿಲ್‌ನಲ್ಲಿ, ಅದಾದ ಮೇಲೂ ಎರಡು ತಿಂಗಳು 12 ಕೆಜಿಯೇ ಹೋಗಿದೆ. ಇಳಿತ ಶುರುವಾದದ್ದು ಮಳೆಯ ಜೊತೆ. ಆಗ ನನ್ನ ಅನುಮಾನ ಪುಡಿಯ ಮೇಲೆ ಹೋಗುತ್ತದೆ, ರೇಟಿನ ಮೇಲಲ್ಲ.

ಅನುಮಾನ ಖಾತ್ರಿ ಮಾಡಿಕೊಳ್ಳಲು ಮೊದಲು ಕೇಳಬೇಕಾದದ್ದು ನಮ್ಮದೇ ಟೆಂಪೋ ಹುಡುಗನನ್ನು. ಮಾಲಕರು ನಮ್ಮ ಹತ್ತಿರ ಹೇಳದ ಮಾತನ್ನು ಕಾಫಿ ಮಾಸ್ತರರು ಅವನ ಹತ್ತಿರ ಹೇಳಿರುತ್ತಾರೆ. "ಡಿಕಾಕ್ಷನ್ ಇಳಿಯುವುದೇ ಇಲ್ಲ ಮಾರಾಯ" ಎನ್ನುವ ಒಂದು ಮಾತು ಸಿಕ್ಕಿದರೆ ಸಾಕು, ಆಫರ್ ಏನಾಗಬೇಕು ಎನ್ನುವುದು ತೀರ್ಮಾನವಾದಂತೆ.

ಡಿಕಾಕ್ಷನ್ ಇಳಿಯದಿರುವುದಕ್ಕೆ ಕಾರಣ ಇದು. ಚಿಕೋರಿ ಗಾಳಿಯ ತೇವವನ್ನು ಬೇಗ ಹೀರುತ್ತದೆ. 4 ಕೆಜಿಯ ಚೀಲ ಬಿಚ್ಚಿದರೆ ಅದು ಖಾಲಿಯಾಗಲು ಎರಡು ದಿನಕ್ಕೂ ಹೆಚ್ಚು ಬೇಕು, ಅಷ್ಟು ಹೊತ್ತು ಇಡ್ಲಿ ಸ್ಟೀಮರಿನ ಪಕ್ಕದಲ್ಲಿ ಬಾಯಿ ತೆರೆದೇ ಇರುತ್ತದೆ. ಪುಡಿ ಗಂಟಾಗುತ್ತದೆ. ಬಿಸಿನೀರು ಬಿದ್ದಾಗ ಚಿಕೋರಿ ಉಬ್ಬಿ, ನುಣ್ಣನೆಯ ಪುಡಿಯ ಜೊತೆ ಸೇರಿ, ಫಿಲ್ಟರಿನ ತೂತು ಮುಚ್ಚುತ್ತದೆ. ಅರ್ಧ ಗಂಟೆಯಲ್ಲಿ ಇಳಿಯಬೇಕಾದ ಮೊದಲ ಡಿಕಾಕ್ಷನ್ ಗಂಟೆಯಾದರೂ ತೊಟ್ಟಿಕ್ಕುತ್ತಿರುತ್ತದೆ. ಬೆಳಿಗ್ಗೆ ಏಳರ ಗಿರಾಕಿ ಕಾಯುವುದಿಲ್ಲ, ಮಾಸ್ತರರು ಪುಡಿ ಬದಲಿಸುತ್ತಾರೆ. ಮುಂಬೈಯ ಹೋಟೆಲ್ ಅಡುಗೆಮನೆಯಲ್ಲಿ ಹಬೆ ವರ್ಷವಿಡೀ ಇರುವುದರಿಂದ ಮಳೆ ನಿಂತರೂ ಈ ತೊಂದರೆ ಪೂರ್ತಿ ಹೋಗುವುದಿಲ್ಲ.

ಹಾಗಾಗಿ ಇಲ್ಲಿ ಕೊಡಬೇಕಾದ ಆಫರ್ ಅದೇ 70:30ನ್ನು ಸ್ವಲ್ಪ ತರಿಯಾಗಿ ಬೀಸಿ, ಅರ್ಧ ಕೆಜಿಯ ಸೀಲ್ ಮಾಡಿದ ಪ್ಯಾಕೆಟಿನಲ್ಲಿ ಕೊಡುವುದು. ಅರ್ಧ ಕೆಜಿ ಯಾಕೆಂದರೆ ಇಂಥ ಹೋಟೆಲಿನ ಫಿಲ್ಟರಿಗೆ ಒಂದು ಸಲಕ್ಕೆ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ, ಬಿಚ್ಚಿದ್ದು ಉಳಿಯುವುದಿಲ್ಲ. 12 ಕೆಜಿಗೆ 24 ಪ್ಯಾಕೆಟ್. ಪ್ಯಾಕಿಂಗ್ ಖರ್ಚು ಪ್ಯಾಕೆಟಿಗೆ 4 ರೂಪಾಯಿ ಎಂದು ಹಿಡಿದರೂ ಕೆಜಿಗೆ 8 ರೂಪಾಯಿ ಆಗುತ್ತದೆ. ಅದನ್ನು ನಾನೇ ಹೊರುತ್ತೇನೆ, ಡಿಸ್ಕೌಂಟಿಗಿಂತ ಅಗ್ಗ. ತರಿ ಹೆಚ್ಚಾದರೆ ಇನ್ನೊಂದು ತೊಂದರೆ: ನೀರು ಐದೇ ನಿಮಿಷದಲ್ಲಿ ಓಡಿಹೋಗಿ ಡಿಕಾಕ್ಷನ್ ತೆಳ್ಳಗಾಗುತ್ತದೆ. ಅದಕ್ಕೇ ಹಿತ್ತಾಳೆ ಫಿಲ್ಟರೋ, ಸ್ಟೀಲಿನದೋ, ಬಟ್ಟೆಯೋ ಎಂದು ಹುಡುಗನಿಂದ ತಿಳಿದುಕೊಂಡೇ ಬೀಸಿಸುವುದು.

ಈಗ ಮೆಸೇಜ್. ಬೆಳಿಗ್ಗೆ ನಾಷ್ಟಾ, ಮಧ್ಯಾಹ್ನ ಊಟ, ನಾಲ್ಕೂವರೆಯಿಂದ ಮತ್ತೆ ಸಂಜೆಯ ತಿಂಡಿ. ನಡುವೆ ಮೂರರಿಂದ ನಾಲ್ಕರವರೆಗೆ ಮಾತ್ರ ಶೆಟ್ರು ಗಲ್ಲೆಯಲ್ಲಿ ನಿರಾಳವಾಗಿ ಕೂತಿರುತ್ತಾರೆ. ವಾಟ್ಸಾಪ್ ಆ ಹೊತ್ತಿಗೆ ಹೋಗಬೇಕು, ಅದೂ ಅವರೊಬ್ಬರಿಗೇ. ಬ್ರಾಡ್‌ಕಾಸ್ಟ್ ಲಿಸ್ಟಿನ ಮೆಸೇಜ್ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ನಮ್ಮನ್ನು ಬಿಟ್ಟವರು ಫೋನ್ ಬದಲಿಸಿದಾಗ ನಂಬರನ್ನೂ ಬಿಟ್ಟಿರಬಹುದು. ನಾನು ಬರೆಯುವುದು ಹೀಗೆ:

"ನಮಸ್ಕಾರ ಶೆಟ್ರೇ, ಗುರುವಾರದ ಕಾಫಿ ಪುಡಿಯವರು. ಮಳೆಗಾಲದಲ್ಲಿ ಪುಡಿ ಗಂಟಾಗಿ ಡಿಕಾಕ್ಷನ್ ನಿಧಾನ ಇಳೀತಿತ್ತು ಅಂತ ನಮ್ಮ ಹುಡುಗ ಹೇಳಿದ. ಈಗ ಅದೇ 70:30 ಸ್ವಲ್ಪ ತರಿಯಾಗಿ ಬೀಸಿ ಅರ್ಧ ಕೆಜಿ ಪ್ಯಾಕೆಟ್ ಮಾಡಿದ್ದೇವೆ. ಈ ಗುರುವಾರ ಗಾಡಿ ಡೊಂಬಿವಲಿಗೆ ಬರ್ತದೆ. ಮಾಸ್ತರಿಗೆ ಎರಡು ಪ್ಯಾಕೆಟ್ ಕೊಟ್ಟು ಹೋಗ್ಲಾ? ದುಡ್ಡು ಬೇಡ, ನೋಡಿ ಹೇಳಿ."

ಇದರಲ್ಲಿ ಮೂರು ವಿಷಯ ಬೇಕೆಂದೇ ಬಿಟ್ಟಿದ್ದೇನೆ. "ನಾಲ್ಕು ತಿಂಗಳಿಂದ ಆರ್ಡರ್ ಇಲ್ಲ, ಯಾಕೆ?" ಎಂದು ಕೇಳಿಲ್ಲ. ಕೇಳಿದರೆ ಶೆಟ್ರು ಸಬೂಬು ಹುಡುಕಬೇಕಾಗುತ್ತದೆ, ಅದಕ್ಕಿಂತ ಉತ್ತರ ಕೊಡದಿರುವುದು ಅವರಿಗೆ ಸುಲಭ. ರೇಟು ಬರೆದಿಲ್ಲ, ಏಕೆಂದರೆ ಬರೆದ ರೇಟಿನ ಸ್ಕ್ರೀನ್‌ಶಾಟ್ ಸಂಜೆಯೊಳಗೆ ಠಾಣೆಯಿಂದ ಕಲ್ಯಾಣದವರೆಗೆ ಓಡಾಡಿರುತ್ತದೆ. ಮೂರನೆಯದು ಬಾಕಿ. ಹಳೆಯ ಬಿಲ್ಲಿನ ದುಡ್ಡು ಉಳಿದಿದ್ದರೆ ಅದೇ ಸಂಕೋಚಕ್ಕೆ ಫೋನ್ ಎತ್ತದವರಿದ್ದಾರೆ. ಸ್ಯಾಂಪಲ್ ಕೊಡುವ ಮೆಸೇಜಿನಲ್ಲಿ ವಸೂಲಿಯ ಸಾಲು ಸೇರಿಸಿದರೆ ಸ್ಯಾಂಪಲ್ಲೂ ಬೇಡವಾಗುತ್ತದೆ. ಬಾಕಿಯ ಮಾತು ಬೇರೆ ದಿನ, ಫೋನಿನಲ್ಲಿ.

ಸ್ಯಾಂಪಲ್ ಎಂದು 100 ಗ್ರಾಂ ಕೊಡುವುದು ದಂಡ. ದೊಡ್ಡ ಫಿಲ್ಟರಿಗೆ ಅದು ತಳ ಮುಚ್ಚುವಷ್ಟೂ ಆಗದು, ಮಾಸ್ತರರು ತಮ್ಮ ಹಳೆಯ ಪುಡಿಗೇ ಬೆರೆಸಿ ಮುಗಿಸುತ್ತಾರೆ. ಎರಡು ಪ್ಯಾಕೆಟ್ ಇದ್ದರೆ ಒಂದು ಬೆಳಿಗ್ಗೆಗೆ, ಇನ್ನೊಂದು ಸಂಜೆಗೆ, ಎರಡು ಸಲವೂ ನಮ್ಮದೇ ಪುಡಿ. ಪ್ಯಾಕೆಟನ್ನು ಗಲ್ಲೆಯ ಮೇಲಿಡದೆ ಮಾಸ್ತರರ ಕೈಗೇ ಕೊಡಬೇಕು. ಬಿಲ್ ಪಾಸ್ ಮಾಡುವುದು ಶೆಟ್ರಾದರೂ ಪುಡಿ ಯಾವುದೆಂದು ನಿರ್ಧಾರವಾಗುವುದು ಬಾಯ್ಲರಿನ ಹತ್ತಿರ.

ಉತ್ತರ ಬರದಿದ್ದರೆ ನೆನಪಿಸುವುದು ಮುಂದಿನ ವಾರ ಅವರ ಹಳೆಯ ಆರ್ಡರ್ ದಿನ, ಬುಧವಾರ, ಅದೇ ಮೂರೂವರೆಗೆ. ಪುಡಿ ತೀರುತ್ತಾ ಬಂದಿರುವುದು ಆಗಲೇ. "ಮೆಸೇಜ್ ನೋಡಿದ್ರಾ?" ಎಂದು ಕೇಳುವುದಿಲ್ಲ, ನೀಲಿ ಟಿಕ್ಕು ಕಾಣುತ್ತಿರುವಾಗ ಅದು ಚುಚ್ಚಿದಂತೆ. "ಶೆಟ್ರೇ, ನಾಳೆಯ ಗಾಡಿ ತುಂಬಿಸ್ತಾ ಇದ್ದೇವೆ. ಮಾಸ್ತರಿಗೆ ಎರಡು ಪ್ಯಾಕೆಟ್ ಇಡ್ಲಾ, ಬೇಡ್ವಾ? ಒಂದು ಮಾತು ಸಾಕು." ಬೇಡ ಎನ್ನಲು ದಾರಿ ಬಿಟ್ಟಿರುವುದರಿಂದಲೇ ಇದಕ್ಕೆ ಉತ್ತರ ಹೆಚ್ಚು ಬರುತ್ತದೆ. ಇದಕ್ಕೂ ಸುಮ್ಮನಿದ್ದರೆ ವಾರ ಬಿಟ್ಟು ಒಂದು ಫೋನ್, ಅಷ್ಟೇ. ಆಮೇಲೆ ಹೇಳಲು ಹೊಸದೇನಾದರೂ ಇದ್ದಾಗ ಮಾತ್ರ, ಉದಾಹರಣೆಗೆ ರೇಟು ಇಳಿದಾಗ. ಪ್ರತಿ ವಾರ ಗುಡ್ ಮಾರ್ನಿಂಗ್ ಕಳಿಸಿದರೆ ಮ್ಯೂಟ್ ಮಾಡುತ್ತಾರೆ, ನಿಜವಾದ ವಿಷಯವೂ ಅದರಲ್ಲೇ ಮುಳುಗುತ್ತದೆ.

ಸ್ಯಾಂಪಲ್ ಹಿಡಿಸಿದರೆ ಮುಂದಿನ ಪ್ರಶ್ನೆ ರೇಟು. "ಅವನು 60 ರೂಪಾಯಿ ಕಮ್ಮಿಗೆ ಕೊಡ್ತಾನೆ" ಎನ್ನುತ್ತಾರೆ. ಇಲ್ಲಿ ಕೆಜಿಯ ಲೆಕ್ಕ ಬಿಟ್ಟು ಕಪ್ಪಿನ ಲೆಕ್ಕಕ್ಕೆ ಬರಬೇಕು. ಕಪ್ಪಿಗೆ 8 ಗ್ರಾಂಗಿಂತ ಸ್ವಲ್ಪ ಹೆಚ್ಚು ಹಿಡಿದರೆ ಕೆಜಿಗೆ ಸುಮಾರು 120 ಕಪ್. 60 ರೂಪಾಯಿಯ ವ್ಯತ್ಯಾಸ ಕಪ್ಪಿಗೆ 50 ಪೈಸೆ. ಅದೂ ಬೇಡವೆಂದರೆ 60:40 ಇದೆ, ಅದರ ರೇಟು ಬೇರೆ. 70:30ರ ರೇಟನ್ನು ಮಾತ್ರ ತಿರುಗಿ ಬಂದವರಿಗೆಂದು ಇಳಿಸಬಾರದು, ಬಿಡದೆ ತೆಗೆದುಕೊಳ್ಳುತ್ತಿರುವವರಿಗೆ ಆ ಸುದ್ದಿ ಮುಟ್ಟದೆ ಇರುವುದಿಲ್ಲ. ಇಳಿಸುವ ಬದಲು ಸೀಲ್ ಒಡೆಯದ ಪ್ಯಾಕೆಟ್ ಒಳಗೇ ಗಂಟಾಗಿದ್ದರೆ ವಾಪಸ್ ತೆಗೆದುಕೊಳ್ಳುವ ಮಾತು ಕೊಡುತ್ತೇನೆ. ಸೀಲ್ ಸರಿಯಿದ್ದರೆ ಅದು ಬರುವುದು ಕಡಿಮೆ.

ಎದುರಾಳಿಯ ಪುಡಿಯನ್ನು ನಾನಾಗಿ ಹಳಿಯುವುದಿಲ್ಲ. ಮಾಸ್ತರರೇ ಕೇಳಿದರೆ ಪ್ಯಾಕೆಟಿನ ಮೇಲೆ ಚಿಕೋರಿ ಎಷ್ಟೆಂದು ಬರೆದಿದೆ ನೋಡಿ ಎನ್ನುತ್ತೇನೆ. ಅದನ್ನು ಬರೆಯಲೇಬೇಕು, ಕಾಫಿಯ ಅಂಶ 51 ಭಾಗಕ್ಕಿಂತ ಕಡಿಮೆ ಇರುವಂತಿಲ್ಲ. ಒಂದು ಲೋಟ ತಣ್ಣೀರಿನ ಮೇಲೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಕೆಳಗಿಳಿಯುತ್ತದೆ. ಪ್ರಮಾಣ ಇದರಿಂದ ಗೊತ್ತಾಗದು, ಎರಡು ಪುಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಕು.

ಮೊದಲ ಆರ್ಡರ್ 12 ಕೆಜಿ ಎಂದರೂ ನಾನು 4 ಕೆಜಿ ಮಾತ್ರ ಕಳಿಸುತ್ತೇನೆ. ಅವರ ಹತ್ತಿರ ಇನ್ನೊಬ್ಬರ ಚೀಲ ಉಳಿದಿರುತ್ತದೆ, ಅದು ಮುಗಿಯುವವರೆಗೆ ನಮ್ಮದು ಮೂಲೆಯಲ್ಲಿ ಕೂತು ಘಮ ಕಳೆದುಕೊಂಡರೆ ಬೈಗುಳ ನಮಗೇ. ಮೊದಲ ಎರಡು ಬಿಲ್ಲು ಗಾಡಿಯ ಹತ್ತಿರವೇ ಯುಪಿಐ, ಹದಿನೈದು ದಿನದ ಉದ್ದರಿ ಮೂರನೆಯದರಿಂದ. ಇದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಶೆಟ್ರಿಗೆ ಹೇಳಿರಬೇಕು, ಗಾಡಿ ಬಾಗಿಲಿಗೆ ಬಂದ ಮೇಲೆ ಹುಡುಗನ ಬಾಯಿಂದ ಹೇಳಿಸಬಾರದು. ಸತತ ಮೂರು ಗುರುವಾರ ಬಿಲ್ಲಾದ ಮೇಲೆಯೇ ಆ ಹೆಸರನ್ನು ವಾರದ ಲಿಸ್ಟಿಗೆ ಮತ್ತೆ ಸೇರಿಸುತ್ತೇನೆ.