ಹ್ಯಾಶ್‌ಟ್ಯಾಗ್ ಕ್ಯಾಪ್ಶನ್‌ನಲ್ಲೇ ಹಾಕಿ

ಇನ್‌ಸ್ಟಾಗ್ರಾಮ್ ರೀಲ್ಸ್‌ಗೆ ಹ್ಯಾಶ್‌ಟ್ಯಾಗ್‌ಗಳನ್ನು ಮೊದಲ ಕಾಮೆಂಟ್‌ನಲ್ಲಿ ಹಾಕಬೇಡಿ, ಕ್ಯಾಪ್ಶನ್‌ನಲ್ಲೇ ಬರೆಯಿರಿ. ಯಾರಾದರೂ ಹುಡುಕಿದಾಗ ಪೋಸ್ಟ್ ಸಿಗಬೇಕಾದರೆ ಅವು ಕಾಮೆಂಟ್‌ನಲ್ಲಲ್ಲ, ಕ್ಯಾಪ್ಶನ್‌ನಲ್ಲಿ ಇರಬೇಕು ಅಂತ ಇನ್‌ಸ್ಟಾಗ್ರಾಮ್ ಕಂಪನಿಯೇ 2021ರಲ್ಲಿ ಹೇಳಿದೆ. ಕಾಮೆಂಟ್‌ಗೆ ತಳ್ಳಿದರೆ ಕ್ಯಾಪ್ಶನ್ ನೋಡೋಕೆ ಚೆನ್ನಾಗಿರುತ್ತೆ, ಅಷ್ಟೇ. ಮೂಡಿಗೆರೆ ತೋಟದಲ್ಲಿ ಕಾಫಿ ಹೂ ಬಿಟ್ಟ ವಿಡಿಯೊ ಅಂದುಕೊಳ್ಳಿ. ಮೊದಲ ಸಾಲಿನಲ್ಲೇ ‘ಮೂಡಿಗೆರೆಯಲ್ಲಿ ಕಾಫಿ ಹೂವು’ ಅಂತ ಬರೆದು, ಕೊನೆಗೆ #ಮೂಡಿಗೆರೆ #ಕಾಫಿಹೂವು #ಚಿಕ್ಕಮಗಳೂರು ಹಾಕಿದರೆ ಸಾಕು. ಪದಗಳ ಮಧ್ಯೆ ಜಾಗ ಬಿಡಬೇಡಿ. ‘#ಕಾಫಿ ಹೂವು’ ಅಂತ ಬರೆದರೆ ಟ್ಯಾಗ್ ಆಗೋದು ‘ಕಾಫಿ’ ಮಾತ್ರ, ಆ ಟ್ಯಾಗ್ ಇರುವ ಎಲ್ಲ ವಿಡಿಯೊಗಳ ನಡುವೆ ನಿಮ್ಮದು ಕಳೆದುಹೋಗುತ್ತೆ. ಆದರೆ ಇದರಿಂದ ಸಿಗೋದು ಹುಡುಕಿಕೊಂಡು ಬರುವವರು ಮಾತ್ರ. ಜನ ಮೊದಲ ಕ್ಷಣದಲ್ಲೇ ಸ್ಕ್ರೋಲ್ ಮಾಡಿಬಿಟ್ಟರೆ ಟ್ಯಾಗ್ ಎಲ್ಲಿದ್ದರೂ ರೀಚ್ ಏರಲ್ಲ.