ಮೇಲಿನ ದವಡೆ ಹಲ್ಲಿನ ನಾಲ್ಕನೇ ಕಾಲುವೆ: ನೆಲ ಅಗೆಯಬೇಡಿ, ಗೋಡೆ ಕೆರೆಯಿರಿ

ಹೋದ ವರ್ಷ ಚಿತ್ತಾಪುರ ಕಡೆಯ ಟೀಚರ್ ಒಬ್ಬರು ಕಲಬುರಗಿಯ ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಎಂಟು ತಿಂಗಳ ಹಿಂದೆ ಬೇರೆ ಕಡೆ ಮೇಲಿನ ಎಡಬದಿಯ ಮೊದಲ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದ್ದರು. "ನರಾ ತಗದಾರ, ಮ್ಯಾಲ ಕ್ಯಾಪೂ ಹಾಕ್ಯಾರ. ಆದ್ರೂ ಬಿಸಿ ಚಾ ಕುಡದ್ರ ಅದೇ ಹಲ್ಲು ಯಾಕ ಸೆಳಿತದ್ರೀ ಡಾಕ್ಟ್ರೇ?" ಅಂದರು.

ಅಕ್ಕಪಕ್ಕದ ಹಲ್ಲುಗಳಿಗೆ ಒಂದೊಂದಾಗಿ ಬಿಸಿ ಮುಟ್ಟಿಸಿ ನೋಡಿದೆ. ಅವು ಸರಿಯಾಗಿದ್ದವು. ಅಂದರೆ ನರ ತೆಗೆದ ಹಲ್ಲಿನಲ್ಲೇ ಎಲ್ಲೋ ಒಂದಿಷ್ಟು ನರ ಜೀವಂತವಾಗಿದೆ. ಈ ಹಲ್ಲಿನಲ್ಲಿ ಹಾಗಾದರೆ ನನ್ನ ಮೊದಲ ಅನುಮಾನ ನಾಲ್ಕನೇ ಕಾಲುವೆ ಎಂಬಿ-2 ಮೇಲೆ.

ಮೇಲಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಅಂಗುಳದ ಕಡೆ ಒಂದು, ಕೆನ್ನೆಯ ಕಡೆ ಎರಡು. ಬೇರು ಮೂರಾದರೆ ಕಾಲುವೆಯೂ ಮೂರೇ ಅಂತ ಲೆಕ್ಕ ಹಾಕುವುದೇ ಇಲ್ಲಿ ತಪ್ಪು. ಕೆನ್ನೆಯ ಕಡೆಯ ಮುಂದಿನ ಬೇರು, ನಾವು ಎಂಬಿ ಅನ್ನುವುದು, ದುಂಡಗಿಲ್ಲ. ಕಿತ್ತ ಹಲ್ಲಿನ ಈ ಬೇರನ್ನು ಅಡ್ಡ ಕೊಯ್ದು ನೋಡಿ. ನಡು ಸಣ್ಣಗಾದ ಶೇಂಗಾ ಕಾಯಿಯ ಹಾಗೆ ಕಾಣುತ್ತದೆ. ಕಾಯಲ್ಲಿ ಎರಡು ಬೀಜ ಇರುವ ಹಾಗೆ ಕೆನ್ನೆಯ ಕಡೆ ಒಂದು ಕಾಲುವೆ, ಅಂಗುಳದ ಕಡೆ ಇನ್ನೊಂದು. ಮೊದಲನೆಯದು ಎಂಬಿ-1, ಆ ಎರಡನೆಯದೇ ಎಂಬಿ-2. 1969ರಲ್ಲಿ ಫ್ರಾಂಕ್ಲಿನ್ ವೈನ್ ತಂಡ ಈ ಬೇರುಗಳನ್ನು ಕೊಯ್ದು ನೋಡಿದಾಗಲೇ ಸುಮಾರು ಅರ್ಧದಷ್ಟರಲ್ಲಿ ಎರಡನೇ ಕಾಲುವೆ ಇತ್ತು. ಮೈಕ್ರೋಸ್ಕೋಪ್ ಬಂದ ಮೇಲೆ ಈ ಪ್ರಮಾಣ ಇನ್ನೂ ಜಾಸ್ತಿಯಾಗಿದೆ. ಹಾಗಾಗಿ ಇದು ಇದ್ದೇ ಇದೆ ಅಂದುಕೊಂಡೇ ಹಲ್ಲು ತೆರೆಯಿರಿ.

ಹಂತ 1: ಎಕ್ಸ್-ರೇ ಓರೆಯಾಗಿ ತೆಗೆಯಿರಿ. ನೇರ ಎಕ್ಸ್-ರೇಯಲ್ಲಿ ಎರಡು ಕಾಲುವೆಗಳು ಒಂದರ ಹಿಂದೆ ಒಂದು ನಿಂತು ಒಂದೇ ಆಗಿ ಕಾಣುತ್ತವೆ. ಟ್ಯೂಬನ್ನು ಸುಮಾರು 20 ಡಿಗ್ರಿ ಪಕ್ಕಕ್ಕೆ ತಿರುಗಿಸಿ ಇನ್ನೊಂದು ತೆಗೆಯಿರಿ. ಟೀಚರ್ ಹಲ್ಲಿನ ಓರೆ ಚಿತ್ರದಲ್ಲಿ, ಎಂಬಿ ಬೇರಿನೊಳಗೆ ತುಂಬಿದ ಜಿಪಿ ನಡುವೆ ಇರದೆ ಒಂದು ಅಂಚಿಗೆ ಸರಿದಿತ್ತು. ಬೇರಿನ ಉಳಿದರ್ಧ ಖಾಲಿ. ಕಾಲುವೆ ಒಂದೇ ಆಗಿದ್ದರೆ ಅದು ಬೇರಿನ ನಡುವೆಯೇ ಇರಬೇಕಿತ್ತು, ಅಲ್ವಾ?

ಹಂತ 2: ಮರಗಟ್ಟಿಸಿ, ರಬ್ಬರ್ ಡ್ಯಾಮ್ ಹಾಕಿ, ಹಲ್ಲು ತೆರೆಯಿರಿ. ಕಿಂಡಿಯ ಆಕಾರ ತ್ರಿಕೋನವಾಗಿದ್ದರೆ ಸಾಲದು. ಮುಂದಿನ ಗೋಡೆಯ ಕಡೆಗೆ ಸ್ವಲ್ಪ ಹಿಗ್ಗಿಸಿ, ನಾಲ್ಕು ಮೂಲೆ ಬರಲಿ.

ಹಂತ 3: ನೆಲ ಓದಿ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಬಂಡೆ ಹಾಸಿರುತ್ತಾರೆ. ನೆಲ ಬೂದು, ಗೋಡೆ ಬಿಳಿ, ಬಂಡೆಗಳ ನಡುವೆ ಕಪ್ಪು ಸಂದು. ಹಲ್ಲಿನೊಳಗೂ ಹಾಗೇ. ನೆಲ ಕಪ್ಪಗೆ, ಗೋಡೆ ತಿಳಿ ಬಣ್ಣ. ನೆಲ ಮತ್ತು ಗೋಡೆ ಕೂಡುವ ಅಂಚಿನಲ್ಲೇ ಕಾಲುವೆಗಳ ಬಾಯಿ ಇರುತ್ತದೆ, ಅವನ್ನು ಕಪ್ಪು ಗೆರೆಗಳು ಕೂಡಿಸಿರುತ್ತವೆ. ಎಂಬಿ-1ರ ಬಾಯಿಂದ ಅಂಗುಳದ ಕಾಲುವೆಯ ಬಾಯಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಅದರ ಮೇಲೆ ಎಂಬಿ-1ರಿಂದ ಸುಮಾರು 2 ಮಿ.ಮೀ. ಬನ್ನಿ. ಎಂಬಿ-2 ಅಲ್ಲೇ ಇರುತ್ತದೆ, ಇಲ್ಲವೇ ಗೆರೆಗಿಂತ ಸ್ವಲ್ಪ ಮುಂದಕ್ಕೆ, ಅಂದರೆ ಮುಂದಿನ ಹಲ್ಲಿನ ಕಡೆಗೆ.

ಹಂತ 4: ಚಾಚು ತೆಗೆಯಿರಿ. ಜಾಸ್ತಿ ಜನ ಸೋಲುವುದು ಇಲ್ಲೇ. ಇಲ್ಲಿ ಮಾತ್ರ ಅವಸರ ಬೇಡ.

ಮುಂದಿನ ಗೋಡೆಯಿಂದ ಹಲ್ಲಿನದೇ ಒಂದು ಸಣ್ಣ ಚಾಚು ಹೊರಬಂದು, ಕಿಟಕಿಯ ಮೇಲಿನ ಸಜ್ಜೆಯ ಹಾಗೆ ಎಂಬಿ-2ರ ಬಾಯಿಯನ್ನು ಮುಚ್ಚಿರುತ್ತದೆ. ಕಾಲುವೆ ಅದರ ಅಡಿಯಲ್ಲಿದೆ. ಇದು ಗೊತ್ತಿಲ್ಲದವರು ಕಣ್ಣಿಗೆ ಕಂಡ ನೆಲವನ್ನೇ ಕೆಳಕ್ಕೆ ಕೊರೆಯುತ್ತಾರೆ. ನೆಲದ ಕೆಳಗೆ ಬೇರುಗಳು ಕವಲೊಡೆಯುವ ಜಾಗ ಇದೆ. ಬರ್ ಅಲ್ಲಿಗೆ ಹೊಕ್ಕರೆ ಹಲ್ಲು ತೂತು. ಆದ್ದರಿಂದ ಕೆರೆಯಬೇಕಾದ್ದು ಗೋಡೆಯನ್ನು, ನೆಲವನ್ನಲ್ಲ. ಅಂಗುಳದ ದಿಕ್ಕಿನಲ್ಲಿ ಗೆರೆಯ ಗುಂಟ, ಸ್ವಲ್ಪ ಮುಂದಕ್ಕೆ ವಾಲಿಸಿ, ಸಣ್ಣ ತೋಡಿನಂತೆ ಕೆರೆಯುತ್ತ ಹೋಗಿ.

ಇದಕ್ಕೆ ಏರೋಟರ್ ಮುಟ್ಟಲೇಬೇಡಿ. ಸ್ಕೇಲರಿಗೆ ಹಾಕುವ ಸಣ್ಣ ಎಂಡೋ ಟಿಪ್ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಉದ್ದ ಕುತ್ತಿಗೆಯ ಸಣ್ಣ ರೌಂಡ್ ಬರ್, ನಿಧಾನ ವೇಗದಲ್ಲಿ. ಮೂರು ನಾಲ್ಕು ಸೆಕೆಂಡ್ ಕೆರೆಯಿರಿ, ತೊಳೆಯಿರಿ, ಒಣಗಿಸಿ, ನೋಡಿ. ಲೂಪ್ಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು ಎನ್ನುವುದು ನನ್ನ ಖಡಾಖಂಡಿತ ಮಾತು. ಹೊಸ ಕುರ್ಚಿ ಕೊಳ್ಳುವ ಮೊದಲು ಲೂಪ್ಸ್ ಕೊಳ್ಳಿ.

ಗುರುತು ಏನು? ಒಣಗಿಸಿದಾಗ ಕೆರೆದ ಬಿಳಿ ಪುಡಿ ಒಂದು ಚುಕ್ಕೆಯಲ್ಲಿ ಕೂತಿರುತ್ತದೆ. ಅಲ್ಲಿ ಚೂಪು ಎಕ್ಸ್‌ಪ್ಲೋರರ್ ಒತ್ತಿದರೆ ಕಚ್ಚಿಕೊಳ್ಳುತ್ತದೆ, ಎಳೆದರೆ ಸ್ವಲ್ಪ ಹಿಡಿಯುತ್ತದೆ. ಹೈಪೋಕ್ಲೋರೈಟ್ ತುಂಬಿಟ್ಟು ಕಾಯ್ದರೆ, ಒಳಗೆ ನರ ಉಳಿದಿದ್ದಲ್ಲಿ ಅದೇ ಜಾಗದಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಹೈಪೋ ತಾಜಾ ಇರಲಿ. ಬಿಸಿಲಿಗೆ ಇಟ್ಟ ಹಳೇ ಬಾಟಲಿ ಸತ್ವ ಕಳೆದುಕೊಂಡಿರುತ್ತದೆ. ನಮ್ಮ ಕಲಬುರಗಿ ಬೇಸಿಗೆಯಲ್ಲಂತೂ ಬೇಗ ಹಾಳಾಗುತ್ತದೆ.

ಟೀಚರ್ ಹಲ್ಲಿನಲ್ಲಿ ಮೇಲಿಂದ ಏನೂ ಕಾಣಲಿಲ್ಲ. ಒಂದು ಮಿ.ಮೀ. ಕೆರೆದೆ, ಬರೀ ಕಪ್ಪು ಗೆರೆ. ಒಂದೂವರೆ ಹತ್ತಿರ ಬಂದಾಗ ಬಿಳಿ ಚುಕ್ಕೆ ಕಂಡಿತು. ಎಕ್ಸ್‌ಪ್ಲೋರರ್ ಕಚ್ಚಿತು.

ಎಷ್ಟು ಆಳದವರೆಗೆ ಹೋಗಬಹುದು? ಹೆಚ್ಚೆಂದರೆ 2ರಿಂದ 3 ಮಿ.ಮೀ. ಅಲ್ಲೂ ಸಿಗದಿದ್ದರೆ ನಿಲ್ಲಿಸಿ, ಸಿಬಿಸಿಟಿ ತೆಗೆಸಿ ಅಥವಾ ಮೈಕ್ರೋಸ್ಕೋಪ್ ಇರುವವರ ಹತ್ತಿರ ಕಳಿಸಿ. ಕೆಂಪು ರಕ್ತ ಬಂದು ನಿಲ್ಲದೇ ಹೋದರೆ, ಫೈಲ್ ಇಟ್ಟ ಕೂಡಲೇ ಅಪೆಕ್ಸ್ ಲೊಕೇಟರ್ ಸೊನ್ನೆ ತೋರಿಸಿದರೆ, ಅದು ಕಾಲುವೆ ಅಲ್ಲ, ತೂತು.

ಹಂತ 5: ಫೈಲ್ ಓರೆಯಾಗಿ ಹಾಕಿ. ಎಂಬಿ-2 ಬಾಯಿ ಹತ್ತಿರ ಮುಂದಕ್ಕೆ ವಾಲಿರುತ್ತದೆ. ಫೈಲನ್ನು ನೇರ ಇಳಿಸಿದರೆ ಗೋಡೆಗೆ ಬಡಿಯುತ್ತದೆ, 'ಕಾಲುವೆ ಮುಚ್ಚಿದೆ' ಅಂತ ಬಿಟ್ಟುಬಿಡುತ್ತಾರೆ. ಹಿಡಿಯನ್ನು ಹಿಂದಕ್ಕೂ ಅಂಗುಳದ ಕಡೆಗೂ ವಾಲಿಸಿ, ತುದಿಯನ್ನು ಸ್ವಲ್ಪ ಬಗ್ಗಿಸಿ, 8 ಅಥವಾ 10ನೇ ನಂಬರ್ ಫೈಲ್ ಹಾಕಿ. 8ನೇ ನಂಬರಿನ ತುದಿ 0.08 ಮಿ.ಮೀ., ಹೆಚ್ಚುಕಡಿಮೆ ತಲೆಗೂದಲಷ್ಟು. ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ಅತ್ತಿತ್ತ ತಿರುಗಿಸಿ, ತಳ್ಳಬೇಡಿ. ಕಡಿಮೆ ಬೆಲೆಗೆ ಸಿಗುವ ಹೆಸರಿಲ್ಲದ ಫೈಲುಗಳ ಎಳೆ ಬಿಚ್ಚಿಕೊಂಡು ಒಳಗೇ ಮುರಿಯುತ್ತವೆ. ಇಡಿಟಿಎ ಜೆಲ್ ಜಾರಿಕೆಗೆ ಸರಿ, ಆದರೆ ಇಲ್ಲದ ದಾರಿಯನ್ನು ಅದು ಮಾಡಿಕೊಡುವುದಿಲ್ಲ. ದಾರಿ ಹಿಡಿದ ಮೇಲೆ ಬಾಯಿಯ ಹತ್ತಿರದ ಸೊಟ್ಟನ್ನು ನೇರ ಮಾಡಿಕೊಳ್ಳಿ. ಮುಂದೆ ಎಲ್ಲ ಸಲೀಸು.

ಹಂತ 6: ಎರಡೂ ಕೂಡುತ್ತವೆಯೇ ನೋಡಿ. ಎಂಬಿ-1 ಮತ್ತು ಎಂಬಿ-2 ಎಷ್ಟೋ ಸಲ ತುದಿಗೆ ಮುಂಚೆ ಒಂದಾಗುತ್ತವೆ. ಎಂಬಿ-1ರಲ್ಲಿ ಜಿಪಿ ಕೋನ್ ಪೂರ್ತಿ ಕೂರಿಸಿ, ಎಂಬಿ-2ರಲ್ಲಿ 10ನೇ ಫೈಲ್ ಇಳಿಸಿ. ಟೀಚರ್ ಹಲ್ಲಿನಲ್ಲಿ ಹಳೇ ಜಿಪಿ ತೆಗೆದು ಅಳೆದಾಗ ಎಂಬಿ-1 20 ಮಿ.ಮೀ. ಇತ್ತು. ಫೈಲ್ ಮಾತ್ರ 16ಕ್ಕೇ ನಿಂತಿತು. ಕೋನ್ ಹೊರಗೆ ತೆಗೆದು ನೋಡಿದರೆ ತುದಿಯಿಂದ 4 ಮಿ.ಮೀ. ಮೇಲೆ ಫೈಲ್ ಗೀಚಿದ ಗುರುತು. ಅಲ್ಲೇ ಎರಡೂ ಕೂಡುತ್ತಿದ್ದವು. ಅದಕ್ಕೆ ಒಂದು ಕೋನ್ ಪೂರ್ತಿ 20ಕ್ಕೆ, ಇನ್ನೊಂದನ್ನು 16ಕ್ಕೆ ಕತ್ತರಿಸಿ ಹಾಕಿದೆ. ಎರಡನ್ನೂ 20ಕ್ಕೇ ತುರುಕಿದರೆ ಒಂದು ಮಡಚಿಕೊಂಡು ಸಂದು ಉಳಿಯುತ್ತದೆ.

ಮೊದಲ ದಿನ ತೊಳೆದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಕಿ ಕಳಿಸಿದ್ದೆ. ಹತ್ತು ದಿನ ಬಿಟ್ಟು ಕೋನ್ ಹಾಕಿಸಿಕೊಳ್ಳಲು ಬಂದಾಗ, ಬಾಯಿ ತೆರೆಯುವ ಮೊದಲೇ ಟೀಚರ್ ಹೇಳಿದರು: "ಬಿಸಿ ಚಾ ಕುಡದೇ ಬಂದೀನ್ರೀ ಇವತ್ತ."